ಆರ್ಡರ್ ಐದರಲ್ಲಿ ಒಂದು ಪಾಲು ಇಳಿದರೆ ಲಾಭ ಐದರಲ್ಲಿ ನಾಲ್ಕು ಪಾಲು: ಒಂದು ಲೇತ್ ಶೆಡ್ಡಿನ ಲೆಕ್ಕ

2018ರ ಕೊನೆಯಲ್ಲಿ ನಮ್ಮಣ್ಣ ಎರಡು ಸಿಎನ್‌ಸಿ ಲೇತ್ ತಗೋಬೇಕು ಅಂತ ಹೊರಟ. ಪೀಣ್ಯದಲ್ಲಿ ಅವನದ್ದು ಸಣ್ಣ ಶೆಡ್. ಕೆಲಸ ಪೂರ್ತಿ ಜಾಬ್ ವರ್ಕ್. ಕಂಪನಿಯವರು ಕಬ್ಬಿಣದ ಬ್ಲ್ಯಾಂಕ್ ಕಳಿಸುತ್ತಾರೆ, ಇವನು ಅದನ್ನು ಟರ್ನಿಂಗ್ ಮಾಡಿಸಿ, ಅಳತೆ ನೋಡಿ, ಬುಶ್ ಅನ್ನೋ ಉಂಗುರದಂಥ ಬಿಡಿಭಾಗ ಮಾಡಿ ವಾಪಸ್ ಕಳಿಸುತ್ತಾನೆ. ಆ ಬುಶ್ಶು ಗಾಡಿಗಳಿಗೆ ಹೋಗುತ್ತೆ. ನಾನು ಬೇರೆ ಕಡೆ ಅಕೌಂಟ್ಸ್ ಕೆಲಸ ಮಾಡುತ್ತೇನೆ, ಭಾನುವಾರ ಅವನ ಪುಸ್ತಕ ನೋಡುತ್ತೇನೆ. ಹಾಗಾಗಿ ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟ್ ಓದೋ ಕೆಲಸ ನನಗೆ ಬಂತು. ಇಲ್ಲಿ ಬರೆಯುತ್ತಿರುವುದು ಆ ಲೆಕ್ಕ ಮತ್ತು ಆಮೇಲೆ ಏನಾಯ್ತು ಅನ್ನೋದು. ಅಂಕಿಗಳನ್ನು ಓದೋಕೆ ಸುಲಭ ಆಗಲಿ ಅಂತ ದುಂಡು ಮಾಡಿದ್ದೇನೆ, ಜಿಎಸ್‌ಟಿ ಬಿಟ್ಟಿದ್ದೇನೆ.

ಆಗ ತಿಂಗಳಿಗೆ ಸುಮಾರು 10,000 ಬುಶ್. ಒಂದಕ್ಕೆ ₹24. ಅಣ್ಣನ ಹತ್ತಿರ ಸ್ವಂತ ಯಂತ್ರ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಕ್ಕಪಕ್ಕದ ಲೇತ್ ಶಾಪ್‌ಗಳಿಗೆ ಹೊರಗಡೆ ಕೊಟ್ಟು ಮಾಡಿಸುತ್ತಿದ್ದ. ಅವರಿಗೆ ಪೀಸಿಗೆ ₹15.50, ಟೆಂಪೊ ಹೋಗಿ ಬರೋಕೆ ₹1.75, ರಿಜೆಕ್ಷನ್‌ಗೆ ಅಂತ 75 ಪೈಸೆ. ಒಟ್ಟು ₹18. ಅಂದರೆ ಪ್ರತಿ ಬುಶ್ಶಿಗೆ ಕೈಯಲ್ಲಿ ಉಳಿಯೋದು ₹6. ಇದನ್ನೇ ಕಾಂಟ್ರಿಬ್ಯೂಷನ್ ಅನ್ನುತ್ತಾರೆ. ಇದು ಇನ್ನೂ ಲಾಭ ಅಲ್ಲ. ಇದರಲ್ಲಿ ಮೊದಲು ಶೆಡ್ ಬಾಡಿಗೆ ₹18,000, ಚೆಕಿಂಗ್ ಹುಡುಗನ ಸಂಬಳ ₹15,000, ಇತರೆ ₹7,000 ಹೋಗಬೇಕು. ಈ ₹40,000 ಒಂದು ಬುಶ್ ಮಾಡಿದರೂ ಹೋಗುತ್ತೆ, ಹತ್ತು ಸಾವಿರ ಮಾಡಿದರೂ ಅಷ್ಟೇ ಹೋಗುತ್ತೆ. ಕಾಂಟ್ರಿಬ್ಯೂಷನ್ ₹60,000, ಸ್ಥಿರ ಖರ್ಚು ₹40,000, ಉಳಿದದ್ದು ₹20,000.

ಹೊಸ ಪ್ಲಾನ್ ನೋಡಿದರೆ ಬಾಯಲ್ಲಿ ನೀರೂರುತ್ತೆ. ಎರಡು ಸಿಎನ್‌ಸಿ ಎದುರುಬದುರು ಹಾಕಿದರೆ ಒಂದು ಶಿಫ್ಟಿಗೆ ಒಬ್ಬನೇ ಆಪರೇಟರ್ ಎರಡನ್ನೂ ನೋಡಿಕೊಳ್ಳುತ್ತಾನೆ. ಎರಡು ಶಿಫ್ಟಿಗೆ ಇಬ್ಬರು ಸಾಕು. ಪೀಸಿಗೆ ತಗಲೋ ಖರ್ಚು ಕಬ್ಬಿಣ ಕತ್ತರಿಸೋ ತುದಿ ಅಂದರೆ ಇನ್ಸರ್ಟ್ ₹2.25, ಕರೆಂಟ್ ಯೂನಿಟ್ ₹1.50, ಕೂಲಂಟ್ ಮತ್ತು ಆಯಿಲ್ 50 ಪೈಸೆ, ಟೆಂಪೊ ಪ್ಯಾಕಿಂಗ್ ₹1.25, ರಿಜೆಕ್ಷನ್ 50 ಪೈಸೆ. ಬರೀ ₹6! ಬುಶ್ಶಿಗೆ ಉಳಿಯೋದು ₹18. ಮೂರು ಪಟ್ಟು. ಆದರೆ ಸ್ಥಿರ ಖರ್ಚಿನ ಪಟ್ಟಿಗೆ ಸಾಲದ ಕಂತು ₹60,000 ಮತ್ತು ಆಪರೇಟರ್‌ಗಳ ಸಂಬಳ ₹36,000 ಸೇರಿಕೊಳ್ಳುತ್ತೆ. ಇತರೆ ಖರ್ಚು ₹6,000ಕ್ಕೆ ಇಳಿಯುತ್ತೆ. ಬಾಡಿಗೆ, ಚೆಕಿಂಗ್ ಎಲ್ಲಾ ಸೇರಿ ₹1,35,000. ಹತ್ತು ಸಾವಿರ ಬುಶ್ಶಿಗೆ ಕಾಂಟ್ರಿಬ್ಯೂಷನ್ ₹1,80,000. ಲಾಭ ₹45,000.

"ಇಪ್ಪತ್ತು ಎಲ್ಲಿ, ನಲವತ್ತೈದು ಎಲ್ಲಿ? ಇದರಲ್ಲಿ ಯೋಚನೆ ಮಾಡೋದು ಏನಿದೆ ಹೇಳು" ಅಂದ ಅಣ್ಣ.

ಯೋಚನೆ ಮಾಡಬೇಕಾದದ್ದು ಬೇರೆ ಪ್ರಶ್ನೆ. ಲಾಭ ಸೊನ್ನೆ ಆಗೋಕೆ ಎಷ್ಟು ಬುಶ್ ಕಮ್ಮಿ ಆಗಬೇಕು? ಸ್ಥಿರ ಖರ್ಚನ್ನು ಪೀಸಿನ ಕಾಂಟ್ರಿಬ್ಯೂಷನ್‌ನಿಂದ ಭಾಗಿಸಿದರೆ ಬ್ರೇಕ್ ಈವನ್ ಸಿಗುತ್ತೆ. ಹಳೇ ಪದ್ಧತಿಯಲ್ಲಿ 40,000 ಭಾಗ 6, ಅಂದರೆ 6,667 ಬುಶ್. ಹೊಸದರಲ್ಲಿ 1,35,000 ಭಾಗ 18, ಅಂದರೆ 7,500. ಈಗ ಮಾಡುತ್ತಿರುವ 10,000ಕ್ಕೂ ಆ ಗೆರೆಗೂ ನಡುವೆ ಇರೋ ಜಾಗಕ್ಕೆ ಮಾರ್ಜಿನ್ ಆಫ್ ಸೇಫ್ಟಿ ಅನ್ನುತ್ತಾರೆ. ಹಳೇದರಲ್ಲಿ ಆರ್ಡರ್ ಮೂರನೇ ಒಂದು ಪಾಲು ಬಿದ್ದರೂ ನಷ್ಟ ಇಲ್ಲ. ಹೊಸದರಲ್ಲಿ ಕಾಲು ಭಾಗ ಬಿದ್ದರೆ ಲಾಭ ಸೊನ್ನೆ.

ಇಲ್ಲಿ ಒಂದು ಮಾತು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಬ್ರೇಕ್ ಈವನ್ 6,875 ಅಂತ ಇತ್ತು, 7,500 ಅಲ್ಲ. ರಿಪೋರ್ಟ್ ಮಾಡಿದವರು ಆಪರೇಟರ್ ಸಂಬಳವನ್ನು ನೇರ ಕೂಲಿ ಅಂತ ಹಿಡಿದು ಬದಲಾಗುವ ಖರ್ಚಿಗೆ ಹಾಕಿದ್ದರು. ಪೀಸಿಗೆ ₹3.60 ಅಂತ. ಕಾಗದದ ಮೇಲೆ ಅದು ಸರಿ ಕಾಣುತ್ತೆ. ಆದರೆ ಶಿಫ್ಟಿನಲ್ಲಿ ಅರ್ಧ ಹೊತ್ತು ಮಷಿನ್ ನಿಂತಿದ್ದರೆ ಆಪರೇಟರ್‌ಗೆ ಅರ್ಧ ಸಂಬಳ ಕೊಡುತ್ತೀರಾ? ಕೊಟ್ಟರೆ ಮುಂದಿನ ತಿಂಗಳು ಅವನು ಪಕ್ಕದ ಶೆಡ್ಡಿನಲ್ಲಿರುತ್ತಾನೆ. ಒಳ್ಳೆ ಸೆಟ್ಟಿಂಗ್ ಬಲ್ಲ ಹುಡುಗ ಪೀಣ್ಯದಲ್ಲಿ ಅಷ್ಟು ಸುಲಭಕ್ಕೆ ಸಿಗಲ್ಲ. ಖರ್ಚಿನ ಹೆಸರು ನೋಡಿ ಯಾವ ಪಟ್ಟಿಗೆ ಅಂತ ತೀರ್ಮಾನ ಮಾಡಬಾರದು. ನಾನು ಪ್ರತಿ ಸಾಲಿಗೂ ಕೇಳಿದ ಪ್ರಶ್ನೆ ಒಂದೇ: ಮುಂದಿನ ತಿಂಗಳು ಒಂದೂ ಬುಶ್ ಬರದಿದ್ದರೆ ಇದನ್ನು ಕಟ್ಟಬೇಕಾ, ಬೇಡವಾ? ಕರೆಂಟ್ ಬಿಲ್ಲನ್ನೇ ತಗೊಳ್ಳಿ. ಅದರಲ್ಲಿ ಎರಡೂ ಇರುತ್ತೆ. ಮಂಜೂರಾದ ಲೋಡಿಗೆ ತಕ್ಕ ಫಿಕ್ಸೆಡ್ ಚಾರ್ಜ್ ಮಷಿನ್ ಆಫ್ ಇದ್ದರೂ ಬರುತ್ತೆ, ಯೂನಿಟ್ ದುಡ್ಡು ಓಡಿದಷ್ಟಕ್ಕೆ. ಹಾಗಾಗಿ ಬಿಲ್ಲನ್ನು ಸೀಳಿ ಎರಡು ಕಡೆ ಬರೆದೆ.

ಸರಿ, ಆರ್ಡರ್ ಐದರಲ್ಲಿ ಒಂದು ಪಾಲು ಕಮ್ಮಿ ಆಯ್ತು ಅಂದುಕೊಳ್ಳಿ. 8,000 ಬುಶ್. ಹಳೇ ಪದ್ಧತಿಯಲ್ಲಿ ಕಾಂಟ್ರಿಬ್ಯೂಷನ್ ₹48,000, ಲಾಭ ₹8,000. ಅಂದರೆ ಶೇ 60 ಕಮ್ಮಿ. ಹೊಸದರಲ್ಲಿ ₹1,44,000 ಬರುತ್ತೆ, ₹1,35,000 ಹೋಗುತ್ತೆ, ₹9,000 ಉಳಿಯುತ್ತೆ. ನಲವತ್ತೈದರಿಂದ ಒಂಬತ್ತಕ್ಕೆ, ಶೇ 80 ಕುಸಿತ. ಇದಕ್ಕೆ ಕಾರಣ ಬಹಳ ಸರಳ. ಆ 2,000 ಬುಶ್ ಹೋದಾಗ ಅದರ ಜೊತೆಗೆ ಹೋಗೋ ಖರ್ಚು ಪೀಸಿಗೆ ಬರೀ ₹6. ಉಳಿದ ₹18 ನೇರವಾಗಿ ಲಾಭದಿಂದಲೇ ಹೋಗಬೇಕು, ಯಾಕೆಂದರೆ ಬ್ಯಾಂಕು, ಬಾಡಿಗೆ, ಆಪರೇಟರ್ ಯಾರೂ ತಮ್ಮ ಪಾಲು ಬಿಡಲ್ಲ. ಹಳೇ ಪದ್ಧತಿಯಲ್ಲಿ ಕೆಲಸ ಇಲ್ಲ ಅಂದರೆ ಲೇತಿನವರಿಗೆ ಕೊಡೋದೂ ಇಲ್ಲ. ಏರುವಾಗಲೂ ಇದೇ ಕಥೆ, ಉಲ್ಟಾ. 12,000 ಬುಶ್ ಬಂದರೆ ಹಳೇದು ₹32,000, ಹೊಸದು ₹81,000.

ಈ ಹಿಗ್ಗು-ಕುಗ್ಗಿನ ಅಳತೆಗೆ ಆಪರೇಟಿಂಗ್ ಲಿವರೇಜ್ ಅನ್ನುತ್ತಾರೆ. ಕಾಂಟ್ರಿಬ್ಯೂಷನ್ನನ್ನು ಲಾಭದಿಂದ ಭಾಗಿಸಿದರೆ ಆಯ್ತು. ಹಳೇದಕ್ಕೆ 3, ಹೊಸದಕ್ಕೆ 4. ಅಂದರೆ ಆರ್ಡರ್ ಶೇ 1 ಅಲ್ಲಾಡಿದರೆ ಲಾಭ ಶೇ 3 ಅಥವಾ ಶೇ 4 ಅಲ್ಲಾಡುತ್ತೆ. ಗಮನಿಸಿ, ಮಾರ್ಜಿನ್ ಆಫ್ ಸೇಫ್ಟಿ ಮೂರನೇ ಒಂದು ಪಾಲು ಇದ್ದಾಗ ಇದು 3, ಕಾಲು ಭಾಗ ಇದ್ದಾಗ 4. ಒಂದನ್ನು ತಿರುಗಿಸಿದರೆ ಇನ್ನೊಂದು. ಸುಮ್ನೆ ಎರಡು ಸೂತ್ರ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. (ಸಾಲದ ಬಡ್ಡಿಯಿಂದ ಆಗೋ ಏರಿಳಿತವನ್ನು ಪುಸ್ತಕದವರು ಬೇರೆ ಹೆಸರಿಟ್ಟು ಬೇರೆ ಅಧ್ಯಾಯಕ್ಕೆ ಹಾಕುತ್ತಾರೆ. ಕಂತಿನ ಅಸಲು ಕೂಡ ಅವರ ಪ್ರಕಾರ ಖರ್ಚೇ ಅಲ್ಲ, ಸವಕಳಿ ಹಿಡಿಯಬೇಕು. ಆದರೆ ಐದನೇ ತಾರೀಕು ಖಾತೆಯಿಂದ ಹೋಗೋದು ಕಂತು. ಅದಕ್ಕೇ ಅದನ್ನೇ ಪೂರ್ತಿ ಹಿಡಿದಿದ್ದೇನೆ.)

ಅಣ್ಣ ಇದನ್ನು ನೋಡಿ, "ನಾಲ್ಕು ಅಂದರೆ ಮಷಿನ್ ತಗೊಂಡರೆ ಯಾವಾಗಲೂ ನಾಲ್ಕಾ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಅಲ್ಲ. ಅದು ಮಷಿನ್ನಿನ ಗುಣ ಅಲ್ಲ, ನಾವು ಎಲ್ಲಿ ನಿಂತಿದ್ದೇವೆ ಅನ್ನೋದರ ಮೇಲೆ ಇರುತ್ತೆ. 8,000 ಬುಶ್ಶಿಗೆ ಇಳಿದ ಮೇಲೆ ಅದೇ ಎರಡು ಮಷಿನ್, ಅದೇ ಕಂತು, ಆದರೆ 1,44,000 ಭಾಗ 9,000, ಅಂದರೆ 16. ಅಲ್ಲಿಂದ ಇನ್ನು 500 ಬುಶ್ ಕಮ್ಮಿ ಆದರೆ ಲಾಭ ಪೂರ್ತಿ ಸೊನ್ನೆ. ಗೆರೆ ಹತ್ತಿರ ಬಂದಷ್ಟೂ ಕಾಲು ಜಾರೋದು ಜೋರು.

ಆಮೇಲೆ ನಾನು ಕೇಳಿದೆ, ಇದರಲ್ಲಿ ನಿನ್ನ ಸಂಬಳ ಎಲ್ಲಿ ಅಂತ.

ಬೆಳಿಗ್ಗೆ ಎಂಟಕ್ಕೆ ಶೆಡ್ ಬಾಗಿಲು ತೆಗೆಯೋನು ಅವನೇ, ಕಂಪನಿಯವರ ಹತ್ತಿರ ಬೈಸಿಕೊಳ್ಳೋನು ಅವನೇ. ಆದರೆ ಯಾವ ಸಾಲಿನಲ್ಲೂ ಅವನಿಲ್ಲ. ಸಣ್ಣ ಶೆಡ್ಡುಗಳ ಲೆಕ್ಕದಲ್ಲಿ ಇದು ಮಾಮೂಲು. ಬೇರೆಯವರ ಹತ್ತಿರ ಸೂಪರ್‌ವೈಸರ್ ಆಗಿದ್ದರೆ ಸಿಗುತ್ತಿದ್ದ ₹25,000 ಹಾಕಿ ನೋಡಿದೆವು. ಎರಡು ಮಷಿನ್ ಪ್ಲಾನಿನಲ್ಲಿ ಬ್ರೇಕ್ ಈವನ್ 8,889ಕ್ಕೆ ಏರಿತು. ಸೇಫ್ಟಿ ಕಾಲು ಭಾಗದಿಂದ ಶೇ 11ಕ್ಕೆ ಇಳಿಯಿತು, ಲಿವರೇಜ್ 9. ಹಳೇ ಪದ್ಧತಿಯಲ್ಲಂತೂ ಅವನು ಆಗಲೇ ನಷ್ಟದಲ್ಲಿದ್ದ! ಲಾಭ ಅಂತ ಕರೆಯುತ್ತಿದ್ದ ₹20,000 ಅವನ ಕೂಲಿಗೇ ಸಾಲುತ್ತಿರಲಿಲ್ಲ.

ಇದರಿಂದ ಎರಡು ಗೆರೆ ಹಾಕಿಕೊಂಡೆವು. ಒಂದು ಶೆಡ್ ಉಳಿಯೋ ಗೆರೆ. ಅದಕ್ಕಿಂತ ಕೆಳಗೆ ಹೋದರೆ ಬ್ಯಾಂಕಿಗೋ ಬಾಡಿಗೆಗೋ ಕೈಯಿಂದ ಹಾಕಬೇಕು. ಇನ್ನೊಂದು ಮನೆ ನಡೆಯೋ ಗೆರೆ, ಅವನ ಸಂಬಳವನ್ನೂ ಸೇರಿಸಿದ್ದು. ಅತ್ತಿಗೆ ಸ್ಕೂಲಿನಲ್ಲಿ ಕೆಲಸ ಮಾಡುತ್ತಾರೆ, ಹಾಗಾಗಿ ಆರು ತಿಂಗಳು ಎರಡನೇ ಗೆರೆ ಕೆಳಗಿದ್ದರೂ ಮನೆ ನಡೆಯುತ್ತೆ. ಮೊದಲನೇ ಗೆರೆ ಕೆಳಗೆ ಆರು ತಿಂಗಳು ಇರೋಕೆ ಆಗಲ್ಲ. ನಮಗೆ ಮುಖ್ಯ ಆದದ್ದು ಮೊದಲನೇ ಗೆರೆ. ಮನೆಯಲ್ಲಿ ಬೇರೆ ಆದಾಯ ಇಲ್ಲದವರಿಗೆ ಈ ತೀರ್ಮಾನವೇ ಬೇರೆ ಆಗಬಹುದು.

ಎರಡು ಪ್ಲಾನ್ ಮುಂದಿಟ್ಟುಕೊಂಡು ಕೂತಾಗ ಅಣ್ಣನೇ ಮೂರನೇದನ್ನು ತೆಗೆದ. "ಒಂದೇ ಮಷಿನ್ ತಗೊಂಡು, ಮಿಕ್ಕಿದ್ದು ಹೊರಗಡೆ ಕೊಟ್ಟರೆ?"

ಒಂದು ಮಷಿನ್ ಎರಡು ಶಿಫ್ಟ್ ಓಡಿದರೆ ತಿಂಗಳಿಗೆ 6,000 ಬುಶ್. ಒಂದು ಬುಶ್ಶಿಗೆ ಲೋಡಿಂಗ್ ಸೇರಿ ಮೂರೂವರೆ ನಿಮಿಷ ಬೇಕು, ಅದರ ಮೇಲೆ ಹಾಕಿದ ಲೆಕ್ಕ ಇದು. ಕಂತು ಅರ್ಧ, ₹30,000. ಆಪರೇಟರ್ ಮಾತ್ರ ಇಬ್ಬರೂ ಬೇಕು, ಅದು ಅರ್ಧ ಆಗಲ್ಲ. ಇತರೆ ₹5,000. ಬಾಡಿಗೆ, ಚೆಕಿಂಗ್ ಸೇರಿ ಒಟ್ಟು ಸ್ಥಿರ ಖರ್ಚು ₹1,04,000. ಮಷಿನ್ನಿನ 6,000 ಬುಶ್ಶಿಂದ ₹1,08,000, ಹೊರಗಿನ 4,000ದಿಂದ ₹24,000. ಲಾಭ ₹28,000. ಎರಡು ಮಷಿನ್ನಿನ ₹45,000 ಮುಂದೆ ಸಪ್ಪೆ.

ಆದರೆ ಕೆಳಗೆ ಇಳಿಯುವಾಗ ಮಜಾ ಇದೆ. ಆರ್ಡರ್ ಕಮ್ಮಿ ಆದರೆ ಮೊದಲು ನಿಲ್ಲಿಸೋದು ಯಾವುದನ್ನು? ಹೊರಗಿನದ್ದನ್ನು. ಮಷಿನ್ ಭರ್ತಿ ಓಡುತ್ತಲೇ ಇರುತ್ತೆ. ಅಂದರೆ ಹೋಗೋ ಪ್ರತಿ ಬುಶ್ ಜೊತೆ ಹೋಗೋದು ₹6 ಮಾತ್ರ, ₹18 ಅಲ್ಲ. 8,000ಕ್ಕೆ ಇಳಿದರೂ ₹16,000 ಉಳಿಯುತ್ತೆ. ಎರಡು ಮಷಿನ್ ಇದ್ದರೆ ₹9,000. 7,000ಕ್ಕೆ ಇಳಿದರೆ ಇಲ್ಲಿ ₹10,000 ಲಾಭ, ಅಲ್ಲಿ ₹9,000 ನಷ್ಟ. ಶೆಡ್ ಉಳಿಯೋ ಗೆರೆ 1,04,000 ಭಾಗ 18, ಅಂದರೆ 5,778 ಬುಶ್. ಮೂರು ಪ್ಲಾನಿನಲ್ಲೂ ಇದೇ ಅತಿ ಕೆಳಗಿನ ಗೆರೆ.

ಇಲ್ಲೇ ಪುಸ್ತಕದ ಸೂತ್ರ ಕೈ ಕೊಡೋದು. ಸರಾಸರಿ ಹಿಡಿದರೆ ಬುಶ್ಶಿಗೆ ಕಾಂಟ್ರಿಬ್ಯೂಷನ್ ₹13.20, ಬ್ರೇಕ್ ಈವನ್ 7,879, ಲಿವರೇಜ್ 4.7. ಎಲ್ಲಕ್ಕಿಂತ ಅಪಾಯದ ಪ್ಲಾನ್ ಇದೇ ಅಂತ ಆ ಲೆಕ್ಕ ಹೇಳುತ್ತೆ. ನಿಜವಾಗಿ ಆರ್ಡರ್ ಶೇ 20 ಬಿದ್ದರೆ ಲಾಭ ಶೇ 43 ಬೀಳುತ್ತೆ, ಅಂದರೆ ಎರಡು ಚಿಲ್ಲರೆ ಪಟ್ಟು. ಸೂತ್ರ ಒಳಗಿನ ಬುಶ್ಶು, ಹೊರಗಿನ ಬುಶ್ಶು ಒಂದೇ ಪ್ರಮಾಣದಲ್ಲಿ ಕಮ್ಮಿ ಆಗುತ್ತೆ ಅಂತ ಅಂದುಕೊಂಡಿರುತ್ತೆ. ಯಾವುದನ್ನು ಮೊದಲು ಕಡಿಯಬೇಕು ಅನ್ನೋದು ನಮ್ಮ ಕೈಯಲ್ಲಿದ್ದರೆ ಸರಾಸರಿ ಬಿಟ್ಟು ಕೊನೆಯ ಬುಶ್ಶಿನ ಕಾಂಟ್ರಿಬ್ಯೂಷನ್ ನೋಡಬೇಕು.

ಮನೆ ನಡೆಯೋ ಗೆರೆಯಲ್ಲಿ ಮಾತ್ರ ಇದು ಸೋಲುತ್ತೆ. ಅವನ ₹25,000 ಸೇರಿಸಿದರೆ 9,500 ಬುಶ್ ಬೇಕು, ಎರಡು ಮಷಿನ್ನಿಗಿಂತ ಜಾಸ್ತಿ. ಅದನ್ನೂ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಸಂಬಳ ನಾನು ಬಿಡಬಹುದು ಕಣೇ, ಬ್ಯಾಂಕಿನವರು ಬಿಡ್ತಾರಾ?" ಅಂದ. ಒಂದು ಮಷಿನ್ ಅಂತ ಆಯ್ತು. ಹೊರಗೆ ಕೊಡೋಕೆ ಕಂಪನಿಯ ಕ್ವಾಲಿಟಿಯವರ ಒಪ್ಪಿಗೆ ಬೇಕಿತ್ತು, ಮೊದಲಿಂದಲೂ ಹೊರಗೇ ಮಾಡಿಸುತ್ತಿದ್ದರಿಂದ ಅದು ಇತ್ತು. ಈ ಒಪ್ಪಿಗೆ ಸಿಗದ ಕಡೆ ಈ ಪ್ಲಾನೇ ನಡೆಯಲ್ಲ.

ಮಷಿನ್ 2019ರ ಶುರುವಿನಲ್ಲಿ ಬಂತು. ಆ ವರ್ಷ ಗಾಡಿ ಮಾರುಕಟ್ಟೆ ಏನಾಯ್ತು ಅಂತ ಪೀಣ್ಯದವರಿಗೆ ಹೇಳಬೇಕಿಲ್ಲ. 2019-20ರಲ್ಲಿ ದೇಶದಲ್ಲಿ ಕಾರುಗಳೂ ಸೇರಿ ಪ್ರಯಾಣಿಕ ವಾಹನಗಳ ಮಾರಾಟ ಸುಮಾರು ಶೇ 18 ಇಳಿಯಿತು, ದ್ವಿಚಕ್ರದ್ದೂ ಹೆಚ್ಚುಕಮ್ಮಿ ಅಷ್ಟೇ. ಕಂಪನಿಗೆ ಶೇ 18 ಬಿದ್ದರೆ ನಮ್ಮಂಥ ಕೊನೆಯ ಸಾಲಿನವರಿಗೆ ಅದಕ್ಕಿಂತ ಜಾಸ್ತಿ ಬೀಳುತ್ತೆ. ಅವರು ಮೊದಲು ಗೋಡೌನಿನಲ್ಲಿರೋ ಬುಶ್ ಖಾಲಿ ಮಾಡಿ ಆಮೇಲೆ ನಮ್ಮನ್ನು ಕೇಳುತ್ತಾರೆ. ಆಗಸ್ಟ್ ಹೊತ್ತಿಗೆ ನಮ್ಮ ಶೆಡ್ಯೂಲ್ 7,000ದ ಆಸುಪಾಸು. ಹೊರಗಿನ ಕೆಲಸ ಸಾವಿರಕ್ಕೆ ಇಳಿಯಿತು. ಮಷಿನ್ ನಿಲ್ಲಲಿಲ್ಲ. ಕಂತು ತಪ್ಪಲಿಲ್ಲ. ಅಣ್ಣನ ಕೈಗೆ ಸಿಕ್ಕಿದ್ದು ಹತ್ತು ಸಾವಿರದ ಆಚೆ ಈಚೆ.

ಆ ಅಪಾಯ ಎಲ್ಲೂ ಮಾಯ ಆಗಲಿಲ್ಲ, ಹಿಂದಿನ ಗಲ್ಲಿಯ ಲೇತ್ ಅಂಕಲ್ ತಲೆ ಮೇಲೆ ಹೋಗಿ ಕೂತಿತು. ತಿಂಗಳಿಗೆ ಸಾವಿರಗಟ್ಟಲೆ ಬುಶ್ ಮಾಡುತ್ತಿದ್ದವರಿಗೆ ಕೆಲವೇ ನೂರು. ಅವರ ಲೇತ್ ಹಳೇದು, ಸಾಲ ಎಂದೋ ತೀರಿದೆ, ಸಹಾಯಕ್ಕೆ ಮಗ ಇದ್ದಾನೆ. ಸ್ಥಿರ ಖರ್ಚು ಅಂದರೆ ಬಾಡಿಗೆ ಒಂದೇ. ಶಾಫ್ಟ್ ರಿಪೇರಿ, ಪುಲ್ಲಿ ಬೋರಿಂಗ್ ಅಂತ ಸಿಕ್ಕಿದ್ದು ಹಿಡಿದು ದೂಡಿದರು. ಅಣ್ಣನಿಗೆ ಅವರ ಮುಖ ನೋಡೋಕೆ ಕಷ್ಟ ಆಗುತ್ತಿತ್ತು. ಆದರೂ ಮಷಿನ್ ನಿಲ್ಲಿಸಿ ಅವರಿಗೆ ಕೊಟ್ಟರೆ ಬುಶ್ಶಿಗೆ ₹12 ಕಳೆದುಕೊಳ್ಳಬೇಕಿತ್ತು.

ಅದೇ ಹೊತ್ತಿಗೆ ಕಂಪನಿಯವರು ರೇಟಿನಲ್ಲಿ ಶೇ 5 ಇಳಿಸಿ ಅಂತ ಕೂತರು. ವರ್ಷಕ್ಕೊಮ್ಮೆ ಬರೋ ಮಾತು ಇದು. ಬಹಳ ಜನ ಆರ್ಡರ್ ಶೇ 5 ಕಮ್ಮಿ ಆಗೋದೂ, ರೇಟ್ ಶೇ 5 ಕಮ್ಮಿ ಆಗೋದೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಆರ್ಡರ್ ಇಳಿದರೆ ಇನ್ಸರ್ಟ್, ಟೆಂಪೊ, ಹೊರಗಿನ ಕೂಲಿ ಉಳಿಯುತ್ತೆ. ರೇಟ್ ಇಳಿದರೆ ಏನೂ ಉಳಿಯಲ್ಲ, ₹1.20 ಪೂರ್ತಿ ನಮ್ಮ ಜೇಬಿನಿಂದ. ಹೊರಗಿನ ಬುಶ್ಶಿನಲ್ಲಿ ₹6 ಇದ್ದದ್ದು ₹4.80 ಆಗುತ್ತೆ, ಐದರಲ್ಲಿ ಒಂದು ಪಾಲು ಹೋಯ್ತು. ಮಷಿನ್ ಬುಶ್ಶಿನಲ್ಲಿ ₹18 ಇದ್ದದ್ದು ₹16.80, ಹದಿನೈದರಲ್ಲಿ ಒಂದು ಪಾಲು. ಸ್ಥಿರ ಖರ್ಚು ಜಾಸ್ತಿ ಇರೋ ವ್ಯವಹಾರ ಆರ್ಡರ್ ಬಿದ್ದರೆ ಹೆಚ್ಚು ನಲುಗುತ್ತೆ, ರೇಟ್ ಬಿದ್ದರೆ ಹೊರಗಡೆ ಮಾಡಿಸೋನು ಹೆಚ್ಚು ನಲುಗುತ್ತಾನೆ. ಅಣ್ಣ ಈ ಲೆಕ್ಕ ಹಿಡಿದು ಹೋಗಿ, ರೇಟ್ ಇಳಿಸೋ ಬದಲು ತಿಂಗಳಿಗೆ ಇಷ್ಟು ಬುಶ್ ಅಂತ ಖಾತ್ರಿ ಕೊಡಿ, ಆಮೇಲೆ ನೋಡೋಣ ಅಂದ. ಅವರು ಖಾತ್ರಿ ಕೊಡಲಿಲ್ಲ. ಇವನು ರೇಟ್ ಇಳಿಸಲಿಲ್ಲ. ಆ ವರ್ಷ ಹಾಗೇ ಮುಗಿಯಿತು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಬುಶ್ ಸೊನ್ನೆ. ಅಲ್ಲಿ ಯಾವ ಮಾರ್ಜಿನ್ನೂ ಕೆಲಸಕ್ಕೆ ಬರಲ್ಲ, ಸ್ಥಿರ ಖರ್ಚು ಎಷ್ಟೋ ಅಷ್ಟೂ ನಷ್ಟ. ರಿಸರ್ವ್ ಬ್ಯಾಂಕ್ ಕಂತಿಗೆ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್‌ವರೆಗೆ ವಿರಾಮ ಕೊಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಅಣ್ಣ ತಗೊಂಡ. ಬಡ್ಡಿ ಮಾತ್ರ ಏರುತ್ತಲೇ ಇತ್ತು, ಸಾಲದ ಬಾಲ ಉದ್ದ ಆಯ್ತು. ಆದರೂ ಆ ತಿಂಗಳುಗಳಲ್ಲಿ ಕೈಯಿಂದ ಹಾಕಬೇಕಾದದ್ದು ಸಂಬಳ ಮತ್ತು ಬಾಡಿಗೆ ಮಾತ್ರ ಆಯ್ತು.

ಮತ್ತೆ ಕೆಲಸ ಬಂದಾಗ ಧೋ ಅಂತ ಬಂತು. ಆ ವರ್ಷದ ಕೊನೆಗೆ 12,000 ಕೇಳಿದರು. ಆಗ ಒಂದು ಮಷಿನ್ ಪ್ಲಾನಿನ ಬೆಲೆ ಗೊತ್ತಾಯ್ತು. ಎರಡು ಇದ್ದಿದ್ದರೆ ₹81,000, ನಮಗೆ ₹40,000. ಅದೂ ಸಿಗಲಿಲ್ಲ, ಯಾಕೆಂದರೆ ಹೊರಗಿನವರು ಬೇರೆಯವರ ಕೆಲಸ ಹಿಡಿದಿದ್ದರು. ಲೇತ್ ಅಂಕಲ್ ಪೀಸಿಗೆ ಒಂದು ರೂಪಾಯಿ ಜಾಸ್ತಿ ಕೇಳಿದರು. "ಕೆಲಸ ಇಲ್ಲದಾಗ ನಾನು ಸುಮ್ನಿದ್ದೆ, ಈಗ ನೀನು ಸುಮ್ನಿರಪ್ಪ" ಅಂದರಂತೆ. ಅಣ್ಣ ಮಾತಾಡದೆ ಕೊಟ್ಟ.

ಆರ್ಡರ್ 14,000ದಲ್ಲಿ ನಿಂತು ಒಂದು ವರ್ಷ ಕಳೆದ ಮೇಲೆ ಎರಡನೇ ಮಷಿನ್ ತಗೊಂಡೆವು. ಬಾಡಿಗೆ ಸಂಬಳ ಏರಿದ್ದರಿಂದ ಸ್ಥಿರ ಖರ್ಚು ಈಗ ₹1,50,000. ಎರಡೂ ಮಷಿನ್ ಸೇರಿ 12,000, ಉಳಿದ 2,000 ಅಂಕಲ್ ಹತ್ತಿರ. ತಿಂಗಳ ಲಾಭ ₹76,000. ಶೆಡ್ ಉಳಿಯೋ ಗೆರೆ 8,333, ಅಂದರೆ ಆರ್ಡರ್ ಶೇ 40 ಬೀಳೋವರೆಗೂ ನಷ್ಟ ಇಲ್ಲ. 2018ರಲ್ಲಿ ಇವೇ ಎರಡು ಮಷಿನ್ನಿಗೆ ಶೇ 25 ಮಾತ್ರ ಸಿಗುತ್ತಿತ್ತು. ಅಣ್ಣನ ಸಂಬಳ ಈಗ ₹30,000 ಅಂತ ಪ್ರತ್ಯೇಕ ಸಾಲಿನಲ್ಲಿದೆ. ಅದನ್ನು ಸೇರಿಸಿದರೆ ಮನೆ ನಡೆಯೋ ಗೆರೆ 10,000. ಕಂಪನಿಯ ಶೆಡ್ಯೂಲ್ ಪ್ರತಿ ತಿಂಗಳು 25ರ ಸುಮಾರಿಗೆ ಬರುತ್ತೆ. ಅವನು ಅದನ್ನು ವಾಟ್ಸಾಪಿನಲ್ಲಿ ನನಗೆ ಕಳಿಸಿ, ಕೆಳಗೆ ಎರಡು ಗೆರೆಯ ನಂಬರ್ ಮಾತ್ರ ಬರೆಯುತ್ತಾನೆ. ಮೂರನೇ ಮಷಿನ್ ಬಗ್ಗೆ ಈಗ ಮಾತು ಶುರು ಮಾಡಿದ್ದಾನೆ. ಅದಕ್ಕೆ ಮೂರನೇ ಆಪರೇಟರ್ ಬೇಕು, ಈ ಶೆಡ್ಡಿನಲ್ಲಿ ಜಾಗ ಸಾಲಲ್ಲ. ಹಾಗಾಗಿ ಕಂತಿನ ಜೊತೆ ಬಾಡಿಗೆಯೂ ಒಂದೇ ಸಲಕ್ಕೆ ಮೇಲೆ ಹಾರುತ್ತೆ. ಆ ಲೆಕ್ಕ ಇನ್ನೂ ಮುಗಿದಿಲ್ಲ.